ಹಳೆಯವರು ಬಿಟ್ಟುಹೋದ ಸಂಬಳದ ಎಕ್ಸೆಲ್: ಇಎಸ್‌ಐ ಇದ್ದಕ್ಕಿದ್ದಂತೆ ಸೊನ್ನೆ!

ಹೊಸಲೆಕ್ಕಿಗ: ನನಗಿಂತ ಮೊದಲಿದ್ದವರು ಕೆಲಸ ಬಿಡುವಾಗ ಒಂದು ಪುಟದ ಟಿಪ್ಪಣಿ ಕೊಟ್ಟು ಹೋಗಿದ್ದಾರೆ. ಅದರಲ್ಲಿ "ಇಎಸ್‌ಐ ಕಾಲಂನಲ್ಲಿ ಹಳದಿ ಸೆಲ್ ಮುಟ್ಟಬೇಡಿ" ಅಂತಿದೆ. ನಾನು ಮುಟ್ಟಿಲ್ಲ. ಆದರೂ ಆಗಸ್ಟ್ ಸಂಬಳದಲ್ಲಿ ಒಬ್ಬರಿಗೆ ಇಎಸ್‌ಐ ಕಡಿತ ಸೊನ್ನೆ ಬಂದಿದೆ. ನಾಳೆ ಸಂಬಳ ಹೋಗಬೇಕು. ಸೂತ್ರ ಇದು:

```
=IF(F38<=21000,ROUNDUP(F38*0.75%,0),0)
```

ಪಟ್ಟಿಗಾರ: ನೌಕರರ ನಂಬರ್ ಟೆಕ್ಸ್ಟ್ ಆಗಿ ಕೂತಿರುತ್ತೆ. VLOOKUP ಸಿಗದೆ IFERROR ಸೊನ್ನೆ ಕೊಡುತ್ತೆ. ನೂರಕ್ಕೆ ನೂರು ಇದೇ.

ಹೊಸಲೆಕ್ಕಿಗ: ಆ ಸಾಲಿನಲ್ಲಿ VLOOKUP ಇಲ್ಲವೇ ಇಲ್ಲ ಸಾರ್.

ಪಟ್ಟಿಗಾರ: F ಕಾಲಂ ಎಲ್ಲಿಂದ ಬರುತ್ತೆ ನೋಡಿ. ಅಲ್ಲಿರುತ್ತೆ.

ಮೈಸೂರುಮಾವ: F38ರಲ್ಲಿ ಎಷ್ಟಿದೆ? ಜೂನ್‌ನಲ್ಲಿ ಎಷ್ಟಿತ್ತು? ಆಗಸ್ಟ್ ಶೀಟನ್ನು ಯಾವುದರಿಂದ ಕಾಪಿ ಮಾಡಿದಿರಿ?

ಹೊಸಲೆಕ್ಕಿಗ: 21800. ಜೂನ್‌ನಲ್ಲಿ 20400, ಜುಲೈನಲ್ಲಿ ಏರಿಕೆ ಆಯಿತು. ಶೀಟ್ ಏಪ್ರಿಲ್‌ದು. ಅದೇ ನೀಟಾಗಿತ್ತು.

ಸುಮ್ನೆಸೀನ: 21000 ದಾಟಿದ ಮೇಲೆ ಇಎಸ್‌ಐ ಎಲ್ಲಿಂದ? ಶೀಟ್ ಸರಿಯಾಗೇ ಇದೆ.

ಮೈಸೂರುಮಾವ: ಮಿತಿ ಸರಿ ಸೀನಣ್ಣ, ಆದರೆ ನಡುವೆ ದಾಟಿದರೆ ಆ ಅವಧಿ ಮುಗಿಯೋ ತನಕ ಕಡಿತ ನಿಲ್ಲಲ್ಲ. ಅವಧಿ ಏಪ್ರಿಲ್‌ನಿಂದ ಸೆಪ್ಟೆಂಬರ್, ಆಮೇಲೆ ಅಕ್ಟೋಬರ್‌ನಿಂದ ಮಾರ್ಚ್. ಹಳೆಯವರು ಜುಲೈ ಶೀಟಿನಲ್ಲಿ ಇದನ್ನು ಕೈಯಲ್ಲೇ ಟೈಪ್ ಮಾಡಿ ಹಳದಿ ಹಚ್ಚಿರಬೇಕು. ಏಪ್ರಿಲ್ ಶೀಟಿನಲ್ಲಿ ಆ ಹಳದಿ ಇರೋದಿಲ್ಲ. ಕಡಿತ ಪೂರ್ತಿ 21800ರ ಮೇಲೆ: 163.50, ಮೇಲಕ್ಕೆ ಏರಿಸಿ 164. ಮಾಲೀಕರ ಪಾಲು 3.25%, ಅಂದರೆ 709. ಅವಧಿ ಶುರುವಿನಲ್ಲಿ ಯಾರು ಒಳಗಿದ್ದರು ಅಂತ E ಕಾಲಂನಲ್ಲಿ Y ಹಾಕಿ, ಸೂತ್ರ ಬದಲಿಸಿ:

```
=IF($E38="Y",ROUNDUP(F38*0.75%,0),0)
```

E ಕಾಲಂ ವರ್ಷಕ್ಕೆ ಎರಡೇ ಸಲ ತಿದ್ದೋದು, ಜೊತೆಗೆ ಹೊಸಬರು ಸೇರಿದಾಗ.

ಟ್ಯಾಲಿಪ್ರಿಯ: ಇದಕ್ಕೇ ನಾನು ಎಕ್ಸೆಲ್ ಬಿಟ್ಟೆ. ನಮ್ಮಲ್ಲಿ ಎರಡು ಮಾನಿಟರ್, ಒಂದು ಬಟನ್, ಎಲ್ಲರ ಪೇಸ್ಲಿಪ್ ರೆಡಿ.

ಪಟ್ಟಿಗಾರ: ROUNDUP ಯಾಕೆ? ROUND ಸಾಕು ಅಲ್ವಾ? 163.50 ಹೇಗೂ 164 ಆಗುತ್ತೆ.

ಮೈಸೂರುಮಾವ: 153.15 ಬಂದರೆ? ROUND 153 ಕೊಡುತ್ತೆ, ಕಟ್ಟಬೇಕಾದ್ದು 154. ಒಂದು ರೂಪಾಯಿ ವ್ಯತ್ಯಾಸ ಹುಡುಕೋಕೆ ಅರ್ಧ ದಿನ ಹೋಗುತ್ತೆ. ಇನ್ನೊಂದು ಮಾತು: F ಕಾಲಂನಲ್ಲಿ ಓವರ್‌ಟೈಮ್ ಸೇರಿದೆಯಾ? ಮಿತಿ ನೋಡುವಾಗ ಅದನ್ನು ಬಿಡಬೇಕು, ಕಡಿತ ಮಾತ್ರ ಅದರ ಮೇಲೂ ಬೀಳುತ್ತೆ.

ಹೊಸಲೆಕ್ಕಿಗ: ಸೇರಿದೆ! ಬೇರೆ ಕಾಲಂ ಮಾಡುತ್ತೇನೆ. 164 ಬಂತು ಮಾವ. ಜುಲೈ ಶೀಟ್ ತೆರೆದೆ, ಅಲ್ಲೂ ಹಳದಿಯಲ್ಲಿ 164. ಆದರೆ ವೃತ್ತಿ ತೆರಿಗೆ ಕಾಲಂನಲ್ಲೂ ಒಂದು ಹಳದಿ ಇದೆ. ಸಂಬಳ 31000, ತೆರಿಗೆ ಕೈಯಲ್ಲಿ ಹಾಕಿದ ಸೊನ್ನೆ. ಟಿಪ್ಪಣಿಯಲ್ಲಿ ಏನೂ ಇಲ್ಲ.

ಸುಮ್ನೆಸೀನ: 25000 ಮೇಲೆ ತಿಂಗಳಿಗೆ 200, ಫೆಬ್ರವರಿಯಲ್ಲಿ 300. ಸೊನ್ನೆ ತಪ್ಪು, ಸೂತ್ರ ಎಳೆದುಬಿಡಿ.

ಮೈಸೂರುಮಾವ: ಎಳೀಬೇಡಿ! ಮೊದಲು ಆ ನೌಕರರ ಫೈಲ್ ತೆಗೆದು ಹುಟ್ಟಿದ ದಿನಾಂಕ ನೋಡಿ. ಹಳೆಯವರಿಗೂ ಒಂದು ಫೋನ್ ಮಾಡಿ.

ಹೊಸಲೆಕ್ಕಿಗ: ಫೋನ್ ಎತ್ತುತ್ತಿಲ್ಲ.