ಸಹಾಯ ಬೇಕು: ನಿರೀಕ್ಷಿತ ಸಂಬಳಕ್ಕೆ ಒಂದೇ ಅಂಕಿ ಕೇಳಿದರೆ ಏನು ಬರೆಯಬೇಕು?

ಎಲ್ಲರಿಗೂ ನಮಸ್ಕಾರ. ನೇಮಕಾತಿ ವಿಭಾಗದವರು ಮೊದಲ ಕರೆಯಲ್ಲಿ ನಿರೀಕ್ಷಿತ ಸಂಬಳವನ್ನು ಕೇಳಿದಾಗ ಇಂತಿಷ್ಟರಿಂದ ಇಂತಿಷ್ಟು ಎಂದು ಹೇಳಲು ನಿರ್ಧರಿಸಿದ್ದೇನೆ; ಆದರೆ ಅರ್ಜಿಯಲ್ಲಿ ಒಂದೇ ಅಂಕಿಗೆ ಜಾಗವಿರುವುದರಿಂದ ಗೊಂದಲವಾಗಿದೆ.

ನನ್ನ ಈಗಿನ ಸಂಬಳ 100 ಎಂದಿಟ್ಟುಕೊಳ್ಳಿ. ಇದೇ ಹುದ್ದೆಯ ಜಾಹೀರಾತುಗಳಲ್ಲಿ 115ರಿಂದ 140ರವರೆಗೆ ಕಾಣುತ್ತಿದೆ, ಮತ್ತು 118ಕ್ಕಿಂತ ಕಡಿಮೆಯಾದರೆ ನಾನು ಕೆಲಸ ಬದಲಿಸುವುದಿಲ್ಲ. ಹೇಳಿದ ಎರಡು ಅಂಕಿಗಳಲ್ಲಿ ಕೆಳಗಿನದನ್ನೇ ಅವರು ಹಿಡಿದುಕೊಳ್ಳುವುದು ಸಾಮಾನ್ಯವಾದ್ದರಿಂದ, 118ರಿಂದ ಆರಂಭಿಸದೆ, "125ರಿಂದ 138, ಇದು ಬೋನಸ್ ಬಿಟ್ಟು ನಿಗದಿತ ಸಂಬಳ ಮಾತ್ರ, ಕೆಲಸದ ಹೊಣೆ ಪೂರ್ತಿ ತಿಳಿದ ಮೇಲೆ ಖಚಿತವಾಗಿ ಹೇಳುತ್ತೇನೆ" ಎನ್ನಬೇಕೆಂದಿದ್ದೇನೆ. (100ರಿಂದ 150 ಎಂದು ಅಗಲವಾಗಿ ಹೇಳಿದರೆ 100 ಮಾತ್ರ ಅವರ ಕಿವಿಗೆ ಬೀಳುತ್ತದೆ.)

ಅರ್ಜಿಯಲ್ಲಿ ಸೊನ್ನೆ ಹಾಕಿದರೆ ಕೆಲವು ತಂತ್ರಾಂಶಗಳು ಮುಂದಕ್ಕೆ ಬಿಡುವುದಿಲ್ಲ; 138 ಹಾಕಿದರೆ ಅವರ ಮಿತಿಯನ್ನು ಮೀರಿ, ಯಾರೂ ಓದುವ ಮೊದಲೇ ಅರ್ಜಿ ಪಕ್ಕಕ್ಕೆ ಸರಿಯಬಹುದು. ಆದ್ದರಿಂದ 130 ಎಂದು ಬರೆದು, ಟಿಪ್ಪಣಿಯ ಜಾಗದಲ್ಲಿ ಎರಡೂ ಅಂಕಿಗಳನ್ನು ತಿಳಿಸುವುದು ಸರಿಯೇ? ಟಿಪ್ಪಣಿಗೆ ಅವಕಾಶವೇ ಇಲ್ಲದಿದ್ದಲ್ಲಿ, 130 ಎಂದು ಬರೆದವರು ಕರೆಯಲ್ಲಿ 138ರವರೆಗೆ ಹೇಳಿದರೆ ಅದನ್ನು ಮಾತು ಬದಲಿಸಿದಂತೆ ಪರಿಗಣಿಸುತ್ತಾರೆಯೇ? ನೇಮಕಾತಿಯ ಕೆಲಸದಲ್ಲಿರುವವರು ದಯವಿಟ್ಟು ತಿಳಿಸಬೇಕು.