ನುಣುಪಾದ ಲೋಹದ ಮೇಲೆ ಚೌಕ ಚೌಕ ಕಾಣುತ್ತಿದೆ, ನಾರ್ಮಲ್ ಮ್ಯಾಪ್ ಕಂಪ್ರೆಷನ್ನೇ ಕಾರಣನಾ?

ನಿಶಾಚರಿ
ಎಲ್ಲರಿಗೂ ನಮಸ್ಕಾರ. ಒಂದು ಲೋಹದ ಹೆಲ್ಮೆಟ್ ಮಾಡೆಲ್ ಇದೆ. ಚೆನ್ನಾಗಿ ಪಾಲಿಶ್ ಮಾಡಿದ ಹಾಗೆ ಕಾಣಲಿ ಅಂತ ರಫ್‌ನೆಸ್ 0.15 ಇಟ್ಟಿದ್ದೇನೆ. ಲೈಟ್ ಅಲ್ಲಾಡಿಸಿದರೆ ಹೊಳಪು ಜಾರುವ ಬದಲು ಮೆಟ್ಟಿಲು ಮೆಟ್ಟಿಲಾಗಿ ಕುಪ್ಪಳಿಸುತ್ತದೆ. ಹತ್ತಿರ ಹೋದರೆ ಸಣ್ಣ ಸಣ್ಣ ಚೌಕಗಳು. ಮ್ಯಾಪ್ 2048 ಅಳತೆಯದು. ಡೆಸ್ಕ್‌ಟಾಪ್‌ಗೆ BC1, ಮೊಬೈಲ್‌ಗೆ ASTC 8x8. ಎಂಜಿನ್ ನಮ್ಮದೇ, ಶೇಡರ್ ಬದಲಾಯಿಸಬಹುದು. ಎರಡೂ ಕಡೆಗೆ ಯಾವ ಫಾರ್ಮ್ಯಾಟ್ ಇಟ್ಟುಕೊಳ್ಳಲಿ?

ಸೀದಾಸಾದಾ
ಜಾಸ್ತಿ ಯೋಚನೆ ಬೇಡ ಗುರು. ಡೆಸ್ಕ್‌ಟಾಪ್‌ನಲ್ಲಿ ಎಲ್ಲಕ್ಕೂ BC7, ಮೊಬೈಲ್‌ನಲ್ಲಿ ಎಲ್ಲಕ್ಕೂ ASTC. ನಾನು ಮಾಡುವುದೇ ಅಷ್ಟು.

ಬಿಸಿಲುಕೋಲು
ಇದು ಶ್ಯಾಡೋ ಮ್ಯಾಪ್ ತೊಂದರೆ ಇದ್ದ ಹಾಗಿದೆ. ಬಯಾಸ್ ಸ್ವಲ್ಪ ಏರಿಸಿ, ಮೆಟ್ಟಿಲು ಹೋಗುತ್ತದೆ.

ಕಲ್ಲುಕುಟಿಗ
ನೆರಳಿನದ್ದಾದರೆ ಚೌಕಗಳು ಲೈಟ್ ಜೊತೆ ಜಾರುತ್ತವೆ. ಟೆಕ್ಸ್ಚರ್‌ನದ್ದಾದರೆ ಮಾಡೆಲ್‌ಗೆ ಅಂಟಿಕೊಂಡಿರುತ್ತವೆ, ಲೈಟ್ ಎಲ್ಲಿಗೆ ಹೋದರೂ ಗೆರೆಗಳು ಅಲ್ಲೇ ಇರುತ್ತವೆ. ಮೊದಲು ಅದನ್ನು ನೋಡಿ.

ಆಮೇಲೆ ಫಿಲ್ಟರಿಂಗ್ ಆಫ್ ಮಾಡಿ, ಅಂದರೆ ಪಾಯಿಂಟ್‌ಗೆ ಹಾಕಿ, ಒಂದು ಚೌಕದ ಅಗಲ ಎಷ್ಟು ಟೆಕ್ಸೆಲ್ ಅಂತ ಎಣಿಸಿ. BC ಫಾರ್ಮ್ಯಾಟ್‌ಗಳೆಲ್ಲ 4x4 ಬ್ಲಾಕ್‌ಗಳಲ್ಲಿ ಕೆಲಸ ಮಾಡುತ್ತವೆ, ಹಾಗಾಗಿ 4 ಬಂದರೆ ಅನುಮಾನ ಕಂಪ್ರೆಷನ್ ಮೇಲೆ. ಚೌಕವೇ ಇಲ್ಲದೆ ಭೂಪಟದ ಬೆಟ್ಟಗುಡ್ಡದ ಗೆರೆಗಳ ಹಾಗೆ ಬಾಗಿದ ಪಟ್ಟಿಗಳು ಕಂಡರೆ ಅದು ಬೇರೆ ಕಥೆ, 8 ಬಿಟ್ ಸಾಲದೆ ಬರುವ ಬ್ಯಾಂಡಿಂಗ್. ಕೊನೆಗೆ ಕಂಪ್ರೆಷನ್ ಪೂರ್ತಿ ತೆಗೆದು ಒಮ್ಮೆ ನೋಡಿ.

ನಿಶಾಚರಿ
ಚೌಕಗಳು ಮಾಡೆಲ್‌ಗೇ ಅಂಟಿವೆ. ಅಗಲ ಸರಿಯಾಗಿ 4. ಕಂಪ್ರೆಷನ್ ತೆಗೆದ ಕೂಡಲೇ ಮಾಯ. ಆದರೆ ಒಂದು ವಿಚಿತ್ರ: ಅದೇ BC1 ಇರುವ ಕಲ್ಲಿನ ಗೋಡೆಯಲ್ಲಿ ಇಂಥದ್ದು ಏನೂ ಕಾಣುವುದಿಲ್ಲ. ಬಣ್ಣದ ಟೆಕ್ಸ್ಚರ್‌ಗಳೂ ಚೆನ್ನಾಗಿಯೇ ಇವೆ.

ಕಲ್ಲುಕುಟಿಗ
ಗೋಡೆಯಲ್ಲೂ ಇದೆ, ಒರಟುತನದಲ್ಲಿ ಅಡಗಿಕೊಂಡಿದೆ ಅಷ್ಟೇ. ನುಣುಪು ಲೋಹ ಏನನ್ನೂ ಮುಚ್ಚಿಡುವುದಿಲ್ಲ. ನಾರ್ಮಲ್ 1 ಡಿಗ್ರಿ ತಪ್ಪಿದರೆ ಪ್ರತಿಬಿಂಬ 2 ಡಿಗ್ರಿ ತಪ್ಪುತ್ತದೆ.

BC1 ಒಂದು ಬ್ಲಾಕ್‌ಗೆ ಎರಡು ಬಣ್ಣ ಮಾತ್ರ ಬರೆದಿಟ್ಟುಕೊಳ್ಳುತ್ತದೆ. ಅವೆರಡರ ನಡುವೆ ಒಂದು ನೇರ ಗೆರೆ ಎಳೆದು, 16 ಟೆಕ್ಸೆಲ್‌ಗಳೂ ಆ ಗೆರೆಯ ಮೇಲಿನ 4 ಚುಕ್ಕಿಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಫೋಟೋದಲ್ಲಿ ಇದು ನಡೆಯುತ್ತದೆ, ಯಾಕೆಂದರೆ ಸಣ್ಣ ಜಾಗದಲ್ಲಿ ಸಾಮಾನ್ಯವಾಗಿ ಒಂದೇ ಬಣ್ಣದ ತಿಳಿ–ಗಾಢ ಛಾಯೆಗಳೇ ಇರುತ್ತವೆ. ಆದರೆ ನಿಮ್ಮ ಹೆಲ್ಮೆಟ್ ಗುಮ್ಮಟದ ಹಾಗೆ ಬಾಗಿದೆ. ಅಡ್ಡಕ್ಕೆ ಹೋದರೆ X ಬದಲಾಗುತ್ತದೆ, ಉದ್ದಕ್ಕೆ ಹೋದರೆ Y. ಎರಡೂ ಒಂದನ್ನೊಂದು ಕೇಳುವುದಿಲ್ಲ, ಒಂದು ಗೆರೆಯ ಮೇಲೆ ಹೇಗೆ ಕೂರಬೇಕು?

ಜೊತೆಗೆ ಆ ಎರಡು ಬಣ್ಣಗಳಲ್ಲಿ ಕೆಂಪಿಗೆ ಸಿಗುವುದು 5 ಬಿಟ್, ಅಂದರೆ 32 ಮಟ್ಟ. ಮೈನಸ್ 1ರಿಂದ 1ರವರೆಗಿನ ವ್ಯಾಪ್ತಿಯನ್ನು ಅಷ್ಟರಲ್ಲಿ ಹಂಚಿದರೆ ಒಂದು ಮೆಟ್ಟಿಲು ಸುಮಾರು 0.065. ಸಮತಟ್ಟು ಜಾಗದ ಹತ್ತಿರ ಅದು 3.7 ಡಿಗ್ರಿ ವಾಲು. ಪಕ್ಕದ ಬ್ಲಾಕ್ ಬೇರೆ ಎರಡು ಬಣ್ಣ ಆರಿಸಿಕೊಂಡಾಗ ಗಡಿಯಲ್ಲಿ ಹೊಳಪು ಕುಪ್ಪಳಿಸುತ್ತದೆ. ನೀವು ನೋಡುತ್ತಿರುವುದು ಅದನ್ನೇ.

BC5 ಹಾಕಿ. ಅದರಲ್ಲಿ X ಮತ್ತು Y ಬೇರೆ ಬೇರೆ. ಒಂದೊಂದಕ್ಕೂ 8 ಬಿಟ್‌ನ ಎರಡು ತುದಿ, ನಡುವೆ ಸೇರಿ 8 ಮಟ್ಟ. ಗಾತ್ರ ದುಪ್ಪಟ್ಟಾಗುತ್ತದೆ: ನಿಮ್ಮ 2048ಕ್ಕೆ 2 MB ಬದಲು 4 MB, ಮಿಪ್ ಬಿಟ್ಟು. ಕಂಪ್ರೆಸ್ ಮಾಡದಿದ್ದರೆ 16 MB ಅಲ್ವಾ, ಲಾಭವೇ.

ನಿಶಾಚರಿ
BC5 ಹಾಕಿದೆ. ಈಗ ಹೆಲ್ಮೆಟ್ ಹೆಚ್ಚುಕಡಿಮೆ ಪೂರ್ತಿ ಕಪ್ಪು! ಬೆಳಕು ಒಳಗಿನಿಂದ ಬರುತ್ತಿರುವ ಹಾಗಿದೆ.

ಕಲ್ಲುಕುಟಿಗ
BC5ನಲ್ಲಿ ನೀಲಿ ಚಾನೆಲ್ ಇಲ್ಲ, ಓದಿದರೆ 0 ಬರುತ್ತದೆ. ಶೇಡರ್ ಅದನ್ನು 2ರಿಂದ ಗುಣಿಸಿ 1 ಕಳೆದಾಗ Z ಮೈನಸ್ 1 ಆಗಿ, ನಾರ್ಮಲ್‌ಗಳೆಲ್ಲ ಒಳಮುಖ ಆಗಿವೆ. Z ಅನ್ನು ಲೆಕ್ಕ ಹಾಕಿ ತೆಗೆಯಿರಿ:

```
vec2 xy = texture(normalTex, uv).rg * 2.0 - 1.0;
float z = sqrt(max(0.0, 1.0 - dot(xy, xy)));
vec3 n = vec3(xy, z);
```

`max` ಬಿಡಬೇಡಿ. ಫಿಲ್ಟರಿಂಗ್, ಕಂಪ್ರೆಷನ್ ಸೇರಿ ಒಳಗಿನ ಸಂಖ್ಯೆ ಮೈನಸ್ ಆದರೆ ಅಲ್ಲಲ್ಲಿ ಕಪ್ಪು ಚುಕ್ಕಿ ಬೀಳುತ್ತವೆ.

ಸೀದಾಸಾದಾ
ನಾನು ಹೇಳಿದ BC7 ಕೂಡ ಅದೇ 4 MB ತಾನೇ? ಶೇಡರ್ ಮುಟ್ಟುವುದೇ ಬೇಡ.

ಕಲ್ಲುಕುಟಿಗ
BC1ಗಿಂತ ಎಷ್ಟೋ ವಾಸಿ, ಒಪ್ಪುತ್ತೇನೆ. ಒಂದು ಬ್ಲಾಕನ್ನು ಭಾಗ ಮಾಡಿ ಎರಡು ಮೂರು ಗೆರೆ ಎಳೆಯಲು ಅದಕ್ಕೆ ಬರುತ್ತದೆ. ಆದರೂ ಅದರ ಹೆಚ್ಚಿನ ಮೋಡ್‌ಗಳಲ್ಲಿ ಪ್ರತಿ ಭಾಗದ X, Y, Z ಒಂದೇ ಗೆರೆಗೆ ಕಟ್ಟಿಹಾಕಿಕೊಂಡಿರುತ್ತವೆ, ಲೆಕ್ಕದಿಂದ ಸಿಗುವ Z ಮೇಲೂ ಸುಮ್ನೆ ಬಿಟ್ ಖರ್ಚು. ಅದೇ ಗಾತ್ರಕ್ಕೆ ನುಣುಪು ಮೇಲ್ಮೈಯಲ್ಲಿ BC5 ಮುಂದಿರುತ್ತದೆ.

ಸೀದಾಸಾದಾ
ನಾನು ನೀಲಿ ಚಾನೆಲ್‌ನಲ್ಲಿ ರಫ್‌ನೆಸ್ ತುಂಬುತ್ತೇನೆ. ಒಂದು ಟೆಕ್ಸ್ಚರ್ ಉಳಿಯುತ್ತದೆ. BC5ನಲ್ಲಿ ಅದು ಆಗುತ್ತಾ?

ಕಲ್ಲುಕುಟಿಗ
ಆಗುವುದಿಲ್ಲ. ಆದರೆ BC7ನಲ್ಲಿ ಹಾಗೆ ತುಂಬಿದರೆ ರಫ್‌ನೆಸ್‌ನಲ್ಲಿರುವ ಗೀರುಗಳು ನಾರ್ಮಲ್ಲನ್ನೂ ಎಳೆಯುತ್ತವೆ ಅನ್ನುವುದು ನನ್ನ ತಕರಾರು. ಕಲ್ಲು ಮಣ್ಣಿಗಾದರೆ ನಡೆಯಲಿ.

ಅಂಚುಪಟ್ಟಿ
ನನ್ನದೂ ಇದೇ ಸಮಸ್ಯೆ, ಆದರೆ ಕಂಪ್ರೆಷನ್ ತೆಗೆದರೂ ಚೌಕ ಹೋಗಲಿಲ್ಲ. ಅಗಲ 8 ಬರುತ್ತಿದೆ.

ಕಲ್ಲುಕುಟಿಗ
ಮೂಲ ಫೈಲ್ JPEG ಇರಬೇಕು ನೋಡಿ, ಅದು 8x8 ಬ್ಲಾಕ್. ಆಮೇಲೆ PNG ಮಾಡಿದರೂ ಗಾಯ ಮಾಯುವುದಿಲ್ಲ. ಮತ್ತೆ ಬೇಕ್ ಮಾಡಿ.

ನಿಶಾಚರಿ
ಡೆಸ್ಕ್‌ಟಾಪ್ ಸರಿಹೋಯಿತು, ಹೊಳಪು ಎಣ್ಣೆ ಸವರಿದ ಹಾಗೆ ಜಾರುತ್ತಿದೆ. ಮೊಬೈಲ್?

ಕಲ್ಲುಕುಟಿಗ
ASTCಯಲ್ಲಿ ಬ್ಲಾಕ್ ಎಷ್ಟೇ ದೊಡ್ಡದಿರಲಿ, ಸಿಗುವುದು 16 ಬೈಟ್. 8x8 ಅಂದರೆ ಅದೇ 16 ಬೈಟನ್ನು 64 ಟೆಕ್ಸೆಲ್‌ಗೆ ಹಂಚಿದ ಹಾಗೆ. ಫೋನಿನಲ್ಲಿ ಚೌಕ ಎಣಿಸಿದರೆ 8 ಬರುತ್ತದೆ, ಅದನ್ನು JPEG ಅಂದುಕೊಳ್ಳಬೇಡಿ. ನಿಮ್ಮ ಮ್ಯಾಪ್‌ಗೆ 8x8 1 MB, 6x6 ಸುಮಾರು 1.8, 5x5 ಸುಮಾರು 2.6, 4x4 4 MB. ಹೆಲ್ಮೆಟ್‌ಗೆ 4x4ರಿಂದ ಶುರು ಮಾಡಿ, ಫೋನ್ ಪರದೆಯಲ್ಲೇ ನೋಡುತ್ತಾ ಒಂದೊಂದು ಮೆಟ್ಟಿಲು ಇಳಿಯಿರಿ. ಗೋಡೆಗೆ 6x6 ಸಾಕು.

ಎನ್ಕೋಡರ್‌ಗೆ ಇದು ನಾರ್ಮಲ್ ಮ್ಯಾಪ್ ಅಂತ ಹೇಳಲೇಬೇಕು:

```
astcenc -cl helmet_n.png helmet_n.astc 5x5 -thorough -normal
```

ಆಗ X ಮೂರೂ ಬಣ್ಣಗಳಲ್ಲಿ, Y ಆಲ್ಫಾದಲ್ಲಿ ಕೂರುತ್ತದೆ. ಶೇಡರ್‌ನಲ್ಲಿ `.rg` ಬದಲು `.ga` ಓದಿ.

ಬಿಸಿಲುಕೋಲು
ASTC ಇಲ್ಲದ ಹಳೆ ಫೋನ್‌ಗಳ ಗತಿ ಏನು?

ಕಲ್ಲುಕುಟಿಗ
OpenGL ES 3.0 ಇದ್ದರೆ EAC RG11 ಇದ್ದೇ ಇರುತ್ತದೆ. BC5 ಹಾಗೇ ಎರಡು ಚಾನೆಲ್, ಗಾತ್ರವೂ ಅಷ್ಟೇ, ಓದುವುದು `.rg`.

ನಿಶಾಚರಿ
5x5ನಲ್ಲಿ ಚೌಕಗಳಿಲ್ಲ. ಆದರೆ ಫೋನಿನಲ್ಲಿ ದೂರ ಹೋದಾಗ ಮಾತ್ರ UV ಹೊಲಿಗೆಯ ಉದ್ದಕ್ಕೂ ಒಂದು ತೆಳು ಗೆರೆ ಮಿನುಗುತ್ತದೆ. 4x4 ಹಾಕಿದರೂ ಇದೆ.

ಅಂಚುಪಟ್ಟಿ
UV ತುಂಡುಗಳ ಸುತ್ತ ಪ್ಯಾಡಿಂಗ್ ಕಡಿಮೆ ಇದ್ದರೆ ಸಣ್ಣ ಮಿಪ್‌ಗಳಲ್ಲಿ ಪಕ್ಕದ್ದು ಸೇರಿಕೊಳ್ಳುತ್ತದೆ. ಎಷ್ಟು ಬಿಟ್ಟಿದ್ದೀರಿ?

ನಿಶಾಚರಿ
4 ಟೆಕ್ಸೆಲ್. 16 ಮಾಡಿ ಬೇಕ್‌ಗೆ ಹಾಕಿದ್ದೇನೆ. ಆದರೆ ಅದೇ ಕಾರಣವಾದರೆ ಡೆಸ್ಕ್‌ಟಾಪ್‌ನಲ್ಲಿ ಯಾಕೆ ಕಾಣುತ್ತಿಲ್ಲ?