ಪಾರ್ಲರ್‌ನ ಎಕ್ಸ್‌ಟೆನ್ಷನ್ ಬೋರ್ಡ್ ಬಿಸಿಯಾಗುತ್ತಿದೆ, ಅನುಭವ ಇದ್ದವರು ತಿಳಿಸಿ

ಕೇಳಿದವರು: ನಮ್ಮ ಪಾರ್ಲರ್‌ನಲ್ಲಿ ಮೂರು ಡ್ರೈಯರ್, ಕೂದಲು ಸ್ಟ್ರೇಟ್ನಿಂಗ್ ಮಾಡುವ ಎರಡು ಐರನ್ ಇವೆ, ಗೋಡೆಯಲ್ಲಿರುವುದು ಎರಡೇ ಸಾಕೆಟ್. ಬೋರ್ಡ್ ಬಿಸಿಯಾಗುತ್ತದೆ, ಆದರೆ ಲೋಡ್ ಹೆಚ್ಚಾದರೆ ಕರೆಂಟ್ ಕಡಿಯುವ ಎಂಸಿಬಿ ಒಮ್ಮೆಯೂ ಬಿದ್ದಿಲ್ಲ. ಹೀಗೇ ನಡೆಸಬಹುದೇ?

ಹುಬ್ಬಳ್ಳಿಯ ಪಾರ್ಲರ್ ಮಾಲಕಿ: ಎಂಸಿಬಿ ಬೀಳಲಿಲ್ಲ ಎಂಬ ಧೈರ್ಯದಲ್ಲಿಯೇ ನಾನು ಮದುವೆ ಸೀಸನ್ನಿನಲ್ಲಿ ಒಂದೇ ಬೋರ್ಡಿಗೆ 2000 ವ್ಯಾಟ್‌ನ ಎರಡು ಡ್ರೈಯರ್ ಹಾಕಿಸಿದ್ದೆ. ಮೂರು ದಿನ ಸುಟ್ಟ ಮೀನಿನಂಥ ವಾಸನೆ ಬಂದರೂ, ಸ್ಟ್ರೇಟ್ನಿಂಗ್ ಮಾಡಿದ ಕೂದಲಿನದಿರಬೇಕೆಂದು ಸುಮ್ಮನಿದ್ದೆವು. ನಾಲ್ಕನೆಯ ದಿನ ಬೋರ್ಡ್ ಕರಗಿ ಹೊತ್ತಿಕೊಂಡು, ಪಕ್ಕದ ಪರದೆಗೆ ಬೆಂಕಿ ತಗುಲಿತು. ಕನ್ನಡಿಗೆ 6,800, ಪರದೆ ಮತ್ತು ಟ್ರಾಲಿಗೆ 4,200, ಹೊಸ ವೈರಿಂಗಿಗೆ 23,500 ರೂಪಾಯಿ ಹೋಯಿತು. ಇಬ್ಬರು ಮದುಮಗಳಂದಿರ ಮುಂಗಡವನ್ನು ಹಿಂದಿರುಗಿಸಿದ ನೋವು ಇನ್ನೂ ಆರಿಲ್ಲ.

ತುಮಕೂರಿನ ಸಲೂನ್‌ನವರು: ನಮ್ಮಲ್ಲಿ ಎಂಸಿಬಿ ಪದೇ ಪದೇ ಬೀಳುತ್ತಿತ್ತು. 16 ಆಂಪಿಯರಿನದನ್ನು ತೆಗೆಸಿ 32ರದನ್ನು ಹಾಕಿಸಿ, ಜೊತೆಗೆ ಆರ್‌ಸಿಸಿಬಿಯನ್ನೂ ಕೂಡಿಸಿದ ಮೇಲೆ ಒಂದೂವರೆ ವರ್ಷ ಯಾವ ತೊಂದರೆಯೂ ಆಗಿಲ್ಲ.

ದಾವಣಗೆರೆಯ ಎಲೆಕ್ಟ್ರಿಷಿಯನ್: ಸರ್, ಆರ್‌ಸಿಸಿಬಿ ಒಳ್ಳೆಯದೇ, ಆದರೆ ಅದು ಕರೆಂಟ್ ಸೋರಿದರೆ ಬೀಳುತ್ತದೆ, ಲೋಡ್ ಹೆಚ್ಚಾದರೆ ಬೀಳುವುದಿಲ್ಲ. ಗೋಡೆಯೊಳಗೆ 2.5 ಚದರ ಮಿಲಿಮೀಟರಿನ ವೈರ್ ಇದ್ದರೆ 32ರ ಎಂಸಿಬಿ ಬೀಳುವ ಮೊದಲೇ ಆ ವೈರ್ ಬೇಯುತ್ತದೆ. ಹುಬ್ಬಳ್ಳಿಯ ಮೇಡಂ ಅವರ ಎರಡು ಡ್ರೈಯರ್‌ಗಳು 230 ವೋಲ್ಟಿನಲ್ಲಿ ಎಳೆದದ್ದು ಸುಮಾರು 17.4 ಆಂಪಿಯರ್. 16ರ ಎಂಸಿಬಿ 18 ಆಂಪಿಯರ್‌ವರೆಗೆ ಗಂಟೆಗಟ್ಟಲೆ ತಡೆದುಕೊಳ್ಳುವಂತೆಯೇ ತಯಾರಾಗಿರುತ್ತದೆ. ಅಂದರೆ ಅದು ಕೆಟ್ಟಿರಲಿಲ್ಲ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಬೋರ್ಡ್ 6 ಆಂಪಿಯರಿನದು, ಒಂದು ಡ್ರೈಯರ್‌ಗೇ ಅದು ಸಾಲದು. ಬೋರ್ಡಿನೊಳಗೆ ಪಿನ್ ಹಿಡಿಯುವ ಹಿತ್ತಾಳೆ ಪಟ್ಟಿ ಸಡಿಲವಾಗಿದ್ದರಂತೂ ಕಡಿಮೆ ಲೋಡಿನಲ್ಲಿಯೂ ಅದೇ ಜಾಗ ಕಾಯುತ್ತದೆ, ಎಂಸಿಬಿಗೆ ಅದು ಕಾಣಿಸುವುದೇ ಇಲ್ಲ. ಪ್ಲಗ್ಗಿನ ಪಿನ್ ಕಂದಾಗಿದೆಯೇ, ಸಾಕೆಟ್ಟಿನ ಸುತ್ತ ಹಳದಿಯಾಗಿದೆಯೇ ಎಂದು ಇಂದೇ ನೋಡಿ. ಪ್ರತಿ ಡ್ರೈಯರ್‌ಗೂ ಗೋಡೆಯಲ್ಲಿ 16 ಆಂಪಿಯರಿನ ಸಾಕೆಟ್, ಅದಕ್ಕೆ ಬೇರೆಯದೇ ಲೈನ್ ಬೇಕು.

ತುಮಕೂರಿನ ಸಲೂನ್‌ನವರು: ಹದಿನೆಂಟು ವರ್ಷದ ಅನುಭವವಿರುವ ಮೇಸ್ತ್ರಿ ಹಾಕಿದ ಎಂಸಿಬಿ ಅದು. ನಮ್ಮ ವೈರಿಂಗನ್ನು ನೋಡದೆಯೇ ತಪ್ಪೆಂದು ತೀರ್ಪು ಕೊಡುವುದು ಸರಿಯಲ್ಲ.

ದಾವಣಗೆರೆಯ ಎಲೆಕ್ಟ್ರಿಷಿಯನ್: ನಾನು ನೋಡುವುದು ಬೇಡ, ವೈರ್ 6 ಚದರ ಮಿಲಿಮೀಟರ್ ಇದೆಯೇ ಎಂದು ಅವರನ್ನೇ ಕೇಳಿ. ಇದ್ದರೂ 16 ಆಂಪಿಯರಿನ ಸಾಕೆಟ್ಟಿನ ಹಿಂದೆ 32ರದು ಇರಬಾರದು.

ಮೈಸೂರಿನ ಬ್ಯೂಟಿಷಿಯನ್: ನಮ್ಮಲ್ಲಿ ಬೆಂಕಿ ಬಂದದ್ದು ಐರನ್ನಿನಿಂದ. ಅದು ಎಳೆಯುವ ಕರೆಂಟ್ ಅಲ್ಪವೇ, ಆದರೆ 200 ಡಿಗ್ರಿ ದಾಟಿ ಕಾಯುತ್ತದೆ. ಹುಡುಗಿ ಆನ್ ಇದ್ದಂತೆಯೇ ಟವೆಲಿನ ಮೇಲಿಟ್ಟು ಊಟಕ್ಕೆ ಹೋಗಿದ್ದಳು. ನೀವೆಲ್ಲ ಎಂಸಿಬಿಗಾಗಿ ಜಗಳವಾಡುತ್ತಿದ್ದೀರಿ, ಯಾವ ಎಂಸಿಬಿ ಇದನ್ನು ತಡೆಯುತ್ತಿತ್ತು?

ಹುಬ್ಬಳ್ಳಿಯ ಪಾರ್ಲರ್ ಮಾಲಕಿ: ಬೇರೆ ಲೈನ್ ಎಳೆಸಲು ಕಟ್ಟಡದ ಮಾಲೀಕರು ಗೋಡೆ ಕೊರೆಯಲು ಬಿಡಲಿಲ್ಲ. ಕೊನೆಗೆ ಗೋಡೆಯ ಮೇಲೆಯೇ ಪಿವಿಸಿ ಪಟ್ಟಿ ಹಾಕಿಸಿದೆ, ಖರ್ಚೆಲ್ಲ ನನ್ನದೇ. ಬಾಡಿಗೆ ಅಂಗಡಿಯವರು ಇದನ್ನು ಕರಾರಿನಲ್ಲಿಯೇ ಬರೆಸಿಕೊಂಡಿದ್ದರೆ ಹೇಗೆ ಬರೆಸಿದಿರಿ?